ಚೆಕ್ಕುಬಂದಿ ಹಿಡಿದು ನುಗ್ಗೇಹಳ್ಳಿಗೆ

ನಮ್ಮ ಅಜ್ಜನ ತಂದೆ ಬರೆದುಕೊಟ್ಟ ಭೋಗ್ಯಪತ್ರವೊಂದು ಮನೆಯಲ್ಲಿದೆ. ಊರಿನ ಹೆಸರಿದ್ದ ಜಾಗ ಮಡಿಕೆಯಲ್ಲಿ ಸವೆದು ಹರಿದುಹೋಗಿದೆ. ಓದಲು ಸಿಗುವುದು ‘ನುಗ್ಗೇಹಳ್ಳಿ ಹೋಬಳಿ’, ‘ಶಾರ್ವರಿ ಸಂವತ್ಸರ’ ಮತ್ತು ಹೊಲದ ಚೆಕ್ಕುಬಂದಿ ಮಾತ್ರ: ಪೂರ್ವಕ್ಕೆ ಬಸವೇಶ್ವರ ದೇವರ ಮಾನ್ಯ, ಪಶ್ಚಿಮಕ್ಕೆ ಹನುಮಂತರಾಯನ ಗುಡಿ, ದಕ್ಷಿಣಕ್ಕೆ ಕೆರೆ ಏರಿ, ಉತ್ತರಕ್ಕೆ ನರಸಿಂಹಸ್ವಾಮಿ ದೇವಸ್ಥಾನಕ್ಕೆ ಹೋಗುವ ಬಂಡಿದಾರಿ. ಶಾರ್ವರಿ ಅರವತ್ತು ವರ್ಷಕ್ಕೊಮ್ಮೆ ಬರುತ್ತದೆ. ಸಹಿ ಹಾಕಿದವರ ಕಾಲ ನೋಡಿದರೆ ಅದು 1900ರದ್ದೇ ಆಗಬೇಕು.

ಚನ್ನರಾಯಪಟ್ಟಣದಲ್ಲಿ ಇಳಿದು ತಿಪಟೂರು ರಸ್ತೆಯ ಬಸ್ ಹತ್ತಿದೆವು. ದಾರಿಯುದ್ದಕ್ಕೂ ತೆಂಗಿನ ತೋಟಗಳು, ನಡುನಡುವೆ ರಾಗಿ ಹೊಲ. ಚಿಕ್ಕಪ್ಪ ಪತ್ರದ ನಕಲನ್ನು ತೊಡೆಯ ಮೇಲಿಟ್ಟುಕೊಂಡು ಕಂಡ ಪ್ರತಿ ಗುಡಿಯನ್ನೂ ಕಣ್ಣಿನಲ್ಲೇ ಅಳೆಯುತ್ತಿದ್ದರು. ಬಸವಣ್ಣ, ಹನುಮಂತರಾಯ ಇಲ್ಲದ ಊರು ಈ ಸೀಮೆಯಲ್ಲಿ ಸಿಗುವುದೇ ಕಷ್ಟ. ಹಾಗಾಗಿ ಆ ಎರಡು ಹೆಸರನ್ನು ನಂಬಿ ಹೊರಟರೆ ಎಲ್ಲ ಊರೂ ನಮ್ಮದೇ ಎನಿಸುತ್ತದೆ. ಹಿಡಿತಕ್ಕೆ ಸಿಗುವವನು ನರಸಿಂಹಸ್ವಾಮಿ ಒಬ್ಬನೇ.

ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯವನ್ನು ಹೊಯ್ಸಳ ಸೋಮೇಶ್ವರನ ಕಾಲದಲ್ಲಿ, 1246ರಲ್ಲಿ, ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ. ಹೊರಗೋಡೆಯ ಮೂರ್ತಿಗಳ ಕೆಳಗೆ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳ ಹೆಸರುಗಳಿವೆ. ಕಲ್ಲು ಕಡೆದವನ ಹೆಸರು ಏಳೂಮುಕ್ಕಾಲು ಶತಮಾನ ಉಳಿದಿದೆ, ನಮ್ಮ ಊರಿನ ಹೆಸರು ಕಾಗದದ ಒಂದು ಮಡಿಕೆಯಲ್ಲಿ ಅಳಿದಿದೆ. ಆ ಗೋಡೆಯ ಮುಂದೆ ನಿಂತಾಗ ನನಗೆ ನಿಜವಾಗಿಯೂ ಹೊಟ್ಟೆಕಿಚ್ಚಾಯಿತು.

ದೇವಸ್ಥಾನದ ಜಗಲಿಯ ಮೇಲೆ ಕೂತು ಪತ್ರವನ್ನು ಮತ್ತೆ ಓದಿದೆವು. ಹೊಲದ ಉತ್ತರದ ಗಡಿಯೇ ದಾರಿಯಾದರೆ, ಆ ದಾರಿ ಅಲ್ಲಿ ಪೂರ್ವ ಪಶ್ಚಿಮವಾಗಿ ಹಾದಿರಬೇಕು. ಅದೇ ದಾರಿ ಈ ದೇವಸ್ಥಾನವನ್ನು ಸೇರುತ್ತದೆಂದರೆ ನಮ್ಮ ಊರು ಇಲ್ಲಿಂದ ಮೂಡಣಕ್ಕೋ ಪಡುವಣಕ್ಕೋ ಇರುವ ಸಂಭವ ಹೆಚ್ಚು. ನಾವು ಬಂದ ಬಸ್ ರಸ್ತೆಯಂತೂ ಉತ್ತರ ದಕ್ಷಿಣವಾಗಿದೆ, ಅದನ್ನು ಬಿಟ್ಟೆವು. ದಾರಿ ಬಳಸಿಕೊಂಡು ಹೋಗಿದ್ದರೆ ಈ ಲೆಕ್ಕ ಕೆಡುತ್ತದೆ. ಆದರೂ ಹುಡುಕಾಟಕ್ಕೆ ಒಂದು ದಿಕ್ಕು ಸಿಕ್ಕಿತು. ಮೊದಲೇ ಪ್ರಿಂಟ್ ತೆಗೆಸಿಕೊಂಡಿದ್ದ ಗ್ರಾಮ ನಕ್ಷೆಗಳಲ್ಲಿ ಆ ಎರಡು ದಿಕ್ಕಿನವನ್ನಷ್ಟೇ ಹರಡಿಕೊಂಡೆವು. ಹಳೆಯ ಬಂಡಿದಾರಿಗಳು ಅಲ್ಲಿ ಚುಕ್ಕೆಗೆರೆಯಾಗಿವೆ, ಕೆರೆಯೂ ಕಾಣುತ್ತದೆ. ದಾರಿಯ ತೆಂಕಣಕ್ಕೆ ಕೆರೆ, ಎರಡರ ನಡುವೆ ಹೊಲದಷ್ಟು ಜಾಗ ಎಂಬ ಹೊಂದಾಣಿಕೆ ಕೆಲವೇ ಕಡೆ ಇತ್ತು.

ಉಳಿದದ್ದನ್ನು ದೇವಸ್ಥಾನದ ಬಳಿ ಸಿಕ್ಕ ಹಿರಿಯರೊಬ್ಬರು ಬಿಡಿಸಿದರು. ‘ಊರಿಲ್ಲದ ಹನುಮಂತರಾಯನನ್ನು ನೋಡಿದ್ದೀರಾ?’ ಎಂದು ಕೇಳಿದರು. ಹನುಮಂತರಾಯ ಸಾಮಾನ್ಯವಾಗಿ ಊರ ಬಾಗಿಲಲ್ಲಿ ನಿಲ್ಲುವ ದೇವರು. ಅವನು ತೋಟದ ನಡುವೆ ಒಂಟಿಯಾಗಿ ನಿಂತಿದ್ದರೆ ಸುತ್ತ ಹಾಳೂರು ಇದ್ದಿರಬಹುದು. ಅವರು ಹೇಳಿದ ಹೆಸರನ್ನು ನಕ್ಷೆಗಳಲ್ಲಿ ಹುಡುಕಿದರೆ ಸಿಕ್ಕಿತು: ಬೇಚರಾಕ್ ಗ್ರಾಮ. ಜನವಸತಿ ಇಲ್ಲ, ಆದರೆ ಕಂದಾಯದ ಲೆಕ್ಕದಲ್ಲಿ ಊರು ಇನ್ನೂ ಇದೆ.

ಆಟೋ ಮಾಡಿಕೊಂಡು ಹೋದೆವು. ಕೆರೆ ಏರಿ, ಅದರಾಚೆ ತೆಂಗಿನ ತೋಟ, ತೋಟದಂಚಿಗೆ ಮೊಣಕಾಲೆತ್ತರದ ಕಲ್ಲುಕಟ್ಟೆಯ ಮೇಲೆ ಕೆಂಪು ಬಳಿದ ಹನುಮಂತರಾಯ. ನೇಗಿಲು ತಿರುವಿದ ಮಣ್ಣಿನಲ್ಲಿ ಕರಿ ಮಡಕೆಯ ಚೂರುಗಳು. ಒಂದು ಕಡೆ ನೆಲ ದುಂಡಗೆ ಕುಸಿದಿತ್ತು. ಅದು ರಾಗಿ ತುಂಬಿಡುತ್ತಿದ್ದ ಹಗೇವು ಎಂದು ಆಟೋದವರೇ ಗುರುತಿಸಿದರು.

ತೋಟದ ಯಜಮಾನರು ದೂರದಿಂದಲೇ ‘ಯಾರು, ಏನು ಬೇಕಿತ್ತು?’ ಎಂದರು. ಹಳೇ ಕಾಗದ ಹಿಡಿದು ಬಂದವರನ್ನು ಕಂಡರೆ ಉಳುವವರಿಗೆ ದಿಗಿಲಾಗುವುದು ಸಹಜ. ‘ಜಮೀನು ಕೇಳಲು ಬಂದಿಲ್ಲ ಯಜಮಾನರೇ, ನಮ್ಮ ಹಿರಿಯರ ಊರು ಇದೇನಾ ಅಂತ ನೋಡಲು ಬಂದೆವು’ ಎಂದು ಚಿಕ್ಕಪ್ಪ ಮೊದಲೇ ಹೇಳಿಬಿಟ್ಟರು. ಊರಿನ ಹೆಸರನ್ನು ಇಲ್ಲಿ ಬರೆಯದಿರುವುದೂ ಅವರ ನೆಮ್ಮದಿಗಾಗಿಯೇ. ಎಳನೀರು ಕೊಟ್ಟರು, ಚೆಕ್ಕುಬಂದಿ ಓದಿಸಿ ಕೇಳಿದರು, ಪೂರ್ವದ ಹೊಲದತ್ತ ಕೈ ತೋರಿಸಿ ‘ಅದು ಬಸವಣ್ಣನ ಇನಾಂ ಆಗಿತ್ತು ಅಂತ ನಮ್ಮಪ್ಪ ಹೇಳುತ್ತಿದ್ದರು’ ಎಂದರು. ಚಿಕ್ಕಪ್ಪ ಮಾತಾಡಲಾಗದೆ ತಲೆಯಾಡಿಸಿದರು.

ಆದರೂ ಬಾಯಿಮಾತು ಬಾಯಿಮಾತೇ. ಆ ಹೊಲದ ಸರ್ವೆ ನಂಬರ್ ಬರೆದುಕೊಂಡಿದ್ದೇವೆ. 1955ರ ಕಾನೂನಿನಲ್ಲಿ ದೇವರ ಇನಾಂಗಳು ರದ್ದಾದವು. ಅದಕ್ಕೂ ಹಿಂದಿನ ದಾಖಲೆಯಲ್ಲಿ ಈ ನಂಬರಿನ ಎದುರು ಬಸವೇಶ್ವರ ದೇವರ ಹೆಸರು ಇದ್ದರೆ ಗುರುತು ಗಟ್ಟಿಯಾಗುತ್ತದೆ. ಅದಕ್ಕಾಗಿ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ನಕಲಿಗೆ ಅರ್ಜಿ ಕೊಟ್ಟಿದ್ದೇವೆ. ಊರು ಬಿಟ್ಟುಹೋದ ಮನೆತನಗಳವರು ಶ್ರಾವಣ ಶನಿವಾರಗಳಲ್ಲಿ ಈ ಹನುಮಂತರಾಯನಿಗೆ ಪೂಜೆ ಮಾಡಿಸಲು ಬರುತ್ತಾರೆಂದು ಯಜಮಾನರು ಹೇಳಿದ್ದಾರೆ. ಆಗ ಹೋಗಿ ಅವರನ್ನು ಕಂಡು ಮಾತಾಡಬೇಕು.