ಬಿರುಕು ಹೋದ ದಾರಿ

ಇವತ್ತು ಲ್ಯಾಬಿನಲ್ಲಿ ಎರಡು ಕಲ್ಲು ಒಡೆದು ಲೆನ್ಸ್ ಹಿಡಿದು ನೋಡಿದೆ.

ಮರಳುಗಲ್ಲಿನಲ್ಲಿ ಬಿರುಕು ಕಾಳುಗಳ ಸುತ್ತ ಬಳಸಿಕೊಂಡು ಹೋಗಿತ್ತು. ಮುಟ್ಟಿದರೆ ತರಿತರಿ.
ಕ್ವಾರ್ಟ್‌ಜೈಟಿನಲ್ಲಿ ಕಾಳುಗಳನ್ನೇ ಸೀಳಿಕೊಂಡು ಹೋಗಿತ್ತು!

ಎರಡರಲ್ಲೂ ಇರುವುದು ಕ್ವಾರ್ಟ್ಜ್. ಶಿಲಾಪಾಕ ಆಳದಲ್ಲಿ ನಿಧಾನವಾಗಿ ತಣಿದು ಗ್ರಾನೈಟ್ ಆದಾಗ ಹುಟ್ಟಿದ ಹರಳು ಅಂದುಕೊಳ್ಳಿ.
ಗ್ರಾನೈಟ್ ಸವೆದಾಗ ಫೆಲ್ಡ್‌ಸ್ಪಾರ್ ಜೇಡಿಯಾಯಿತು, ಕ್ವಾರ್ಟ್ಜ್ ಉಳಿಯಿತು.
ನೀರು ಅದನ್ನು ಹೊತ್ತು ತಂದು ಗುಡ್ಡೆ ಹಾಕಿತು. ಕ್ಯಾಲ್ಸೈಟೋ ಸಿಲಿಕಾವೋ ಅಂಟಾಗಿ ಹಿಡಿದರೆ ಮರಳುಗಲ್ಲು.

ಆಮೇಲೆ ಬಿಸಿ, ಒತ್ತಡ. ಕರಗಲಿಲ್ಲ. ಗಟ್ಟಿಯಾಗಿದ್ದಂತೆಯೇ ಹರಳುಗಳು ಮತ್ತೆ ಬೆಳೆದು ಒಂದಕ್ಕೊಂದು ಹೆಣೆದುಕೊಂಡವು. ಅದೇ ಕ್ವಾರ್ಟ್‌ಜೈಟ್. ಕರಗಿ ತಣಿದಿದ್ದರೆ ಮತ್ತೆ ಅಗ್ನಿಶಿಲೆ ಆಗುತ್ತಿತ್ತು, ಅಲ್ವಾ?

ಒಂದೇ ತೊಡಕು. ಸಿಲಿಕಾ ಜಾಸ್ತಿ ಅಂಟಿದ ಮರಳುಗಲ್ಲೂ ಕ್ವಾರ್ಟ್‌ಜೈಟಿನ ಹಾಗೆ ಕಾಳುಗಳ ಮೂಲಕವೇ ಸೀಳುತ್ತದೆ. ಆಗ ಮೈಕ್ರೋಸ್ಕೋಪಿನಲ್ಲೇ ನೋಡಬೇಕು, ಹಳೆಯ ಕಾಳಿನ ದುಂಡು ಅಂಚು ಇನ್ನೂ ಉಳಿದಿದೆಯಾ ಅಂತ.