ಬಫರ್ ಹಾಕಿದ್ದು ಯಾಕೆ?

ನಮ್ಮ ಬಿ.ಎಸ್ಸಿ. ಬ್ಯಾಚಿನಲ್ಲಿ ಬಫರ್ ದ್ರಾವಣದ ವ್ಯಾಖ್ಯೆ ಬಾರದವರು ಯಾರೂ ಇರಲಿಲ್ಲ. ‘ಸ್ವಲ್ಪ ಆಮ್ಲ ಅಥವಾ ಪ್ರತ್ಯಾಮ್ಲ ಸೇರಿಸಿದರೂ ಪಿಎಚ್ ಬದಲಾಗದಂತೆ ತಡೆಯುವ ದ್ರಾವಣ.’ ಲ್ಯಾಬ್ ಮ್ಯಾನ್ಯುಯಲ್‌ನ ಕೊನೆಯಲ್ಲಿ ವೈವಾ ಪ್ರಶ್ನೆಗಳ ಪಟ್ಟಿ ಇತ್ತು. ಬಫರ್ ಎಂದರೇನು, ಗಡಸು ನೀರು ಎಂದರೇನು, ಇಂಡಿಕೇಟರ್ ಎಂದರೇನು. ಪರೀಕ್ಷೆಯ ದಿನ ಕಾರಿಡಾರ್‌ನಲ್ಲಿ ಎಲ್ಲರ ಬಾಯಲ್ಲೂ ಅದೇ ಪುಟ.

ನಮಗೆ ಬಂದ ಪ್ರಯೋಗ ನೀರಿನ ಗಡಸುತನ ಕಂಡುಹಿಡಿಯುವುದು. ಬೆಂಗಳೂರಿನ ಮಕ್ಕಳಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ. ಕಾವೇರಿ ನೀರು ಬರುವ ಬಸವನಗುಡಿಯ ಮನೆಯಲ್ಲಿ ಸೋಪು ಚೆನ್ನಾಗಿ ನೊರೆ ಬಿಡುತ್ತದೆ. ಬೋರ್‌ವೆಲ್ ನೀರೇ ಗತಿಯಾಗಿದ್ದ ನಮ್ಮ ಹಾಸ್ಟೆಲ್‌ನಲ್ಲಿ ಗೀಸರಿನ ಕಾಯಿಲ್ ಮೇಲೆ ಸುಣ್ಣದ ಹಾಗೆ ಬಿಳಿ ಪದರ ಕಟ್ಟುತ್ತಿತ್ತು. ಪರೀಕ್ಷೆಗೆ ಕೊಟ್ಟಿದ್ದೂ ಬೋರ್ ನೀರೇ.

ನನ್ನ ಹಿಂದಿನ ರಿಜಿಸ್ಟರ್ ನಂಬರಿನ ಹುಡುಗ ಪ್ರಯೋಗವನ್ನು ಅಚ್ಚುಕಟ್ಟಾಗಿ ಮಾಡಿದ್ದ. 25 ಎಂಎಲ್ ನೀರನ್ನು ಪಿಪೆಟ್‌ನಲ್ಲಿ ತೆಗೆದು ಕೋನಿಕಲ್ ಫ್ಲಾಸ್ಕ್‌ಗೆ ಹಾಕಿದ. ಮೂಗಿಗೆ ರಾಚುವ ಅಮೋನಿಯಾ ಬಫರ್ ಸ್ವಲ್ಪ, ಇಂಡಿಕೇಟರ್ ಆಗಿ ಎರಿಯೋಕ್ರೋಮ್ ಬ್ಲ್ಯಾಕ್-ಟಿ ಒಂದು ಚಿಟಿಕೆ. ನೀರು ವೈನ್ ಕೆಂಪಾಯಿತು. ನೀರನ್ನು ಗಡಸಾಗಿಸುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದುಕೊಳ್ಳುವ ಇಡಿಟಿಎಯ 0.01 ಮೋಲಾರ್ ದ್ರಾವಣವನ್ನು ಬ್ಯುರೆಟ್‌ನಿಂದ ಬಿಡುತ್ತಾ ಬಂದ. 9.5 ಎಂಎಲ್‌ಗೆ ಕೆಂಪು ಹೋಗಿ ತಿಳಿ ನೀಲಿ. ಇನ್ನೊಂದು ಸಲವೂ 9.5. ಈ ಇಡಿಟಿಎ ಒಂದು ಎಂಎಲ್ ಅಂದರೆ ಒಂದು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೋನೇಟ್‌ನ ಲೆಕ್ಕ. 25 ಎಂಎಲ್‌ನಲ್ಲಿ 9.5 ಮಿಲಿಗ್ರಾಂ ಇದ್ದರೆ ಲೀಟರ್‌ಗೆ 380. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವುದು 200, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಪರವಾಗಿಲ್ಲ ಎಂದು. ಅವನು ಅದನ್ನೂ ಬರೆದಿದ್ದ.

ಎಕ್ಸ್‌ಟರ್ನಲ್ ಆಗಿ ಬಂದವರು ಬೇರೆ ಕಾಲೇಜಿನ ಹಿರಿಯ ಮೇಡಂ. ಜೋರಾಗಿ ಮಾತಾಡುವವರಲ್ಲ. ಬಫರ್ ಎಂದರೇನು ಅಂತ ಕೇಳಿದರು. ಇವನು ಉಸಿರು ಬಿಡದೆ ಒಪ್ಪಿಸಿದ. ಮೇಡಂ ತಲೆಯಾಡಿಸಿ, “ಸರಿ. ಇಲ್ಲಿ ಯಾಕಪ್ಪಾ ಹಾಕಿದೆ?” ಅಂದರು.

“ಪಿಎಚ್ 10 ಇರಬೇಕು ಮೇಡಂ.”

“ಯಾಕೆ 10?”

“ಪ್ರೊಸೀಜರ್‌ನಲ್ಲಿ ಹಾಗೇ ಇದೆ ಮೇಡಂ.”

“ಪಿಎಚ್ ಬದಲಾಗೋದನ್ನ ತಡೆಯುತ್ತೆ ಅಂದ್ಯಲ್ಲ. ಈ ಫ್ಲಾಸ್ಕ್‌ನಲ್ಲಿ ಪಿಎಚ್ ಬದಲಾಯಿಸೋಕೆ ಬರ್ತಿರೋದು ಏನು? ನೀನು ಆಮ್ಲ ಏನೂ ಹಾಕಿಲ್ವಲ್ಲ.”

ಅವನು ಸ್ವಲ್ಪ ಹೊತ್ತು ಬ್ಯುರೆಟ್ ನೋಡಿದ. ಆಮೇಲೆ ವ್ಯಾಖ್ಯೆಯನ್ನು ಮೊದಲಿಂದ ಶುರು ಮಾಡಿದ. ಮೇಡಂ ಮಧ್ಯದಲ್ಲಿ ತಡೆದರೆ ಮತ್ತೆ ಮೊದಲ ಪದಕ್ಕೇ ವಾಪಸ್. ಬಾಯಿಪಾಠ ಎಂದು ಗೊತ್ತಾಗುವುದು ಹೀಗೇ. ಅರ್ಥ ಆದವನು ಅದನ್ನೇ ಬೇರೆ ಮಾತಲ್ಲಿ ಹೇಳುತ್ತಾನೆ, ಇಲ್ಲವೇ ಕೈಯಲ್ಲಿರುವ ಫ್ಲಾಸ್ಕ್ ತೋರಿಸಿ ಹೇಳುತ್ತಾನೆ.

ಅವನಿಗೆ ವೈವಾದಲ್ಲಿ ಕಡಿಮೆ ಅಂಕ ಬಂತು. ‘ಹೇಳಿದ್ದೆಲ್ಲ ಸರಿ ಇತ್ತಲ್ಲ, ಯಾಕೆ ಕಟ್ ಮಾಡಿದರು’ ಅಂತ ಕ್ಯಾಂಟೀನ್‌ನಲ್ಲಿ ಕೂಗಾಡಿದ. ನಮಗೂ ಅನ್ಯಾಯ ಅನ್ನಿಸಿತ್ತು. ಈಗ ನನಗೆ ಹಾಗನ್ನಿಸುವುದಿಲ್ಲ. ಮೇಡಂ ಪುಸ್ತಕದಲ್ಲಿ ಇಲ್ಲದ್ದನ್ನೇನೂ ಕೇಳಿರಲಿಲ್ಲ. ಅವನು ಹೇಳಿದ ವಾಕ್ಯದ ಅರ್ಧವನ್ನೇ ಅವನಿಗೆ ವಾಪಸ್ ಕೇಳಿದ್ದರು. ಆದರೆ ‘ಯಾಕೆ’ ಅಂತ ವರ್ಷಪೂರ್ತಿ ಯಾರೂ ಕೇಳದೆ, ಪರೀಕ್ಷೆಯ ದಿನ ಮಾತ್ರ ಕೇಳಿದರೆ ಮಕ್ಕಳು ಏನು ಮಾಡಬೇಕು ಎನ್ನುವ ಸಿಟ್ಟು ನನಗೆ ಇನ್ನೂ ಇದೆ.

ಅವನ ಗಲಾಟೆ ನಮ್ಮ ಲೆಕ್ಚರರ್ ಕಿವಿಗೂ ಬಿತ್ತು. ಲ್ಯಾಬ್‌ನಲ್ಲಿ ದ್ರಾವಣಗಳು ಇನ್ನೂ ಉಳಿದಿದ್ದವು. “ಬನ್ರೋ ಇಲ್ಲಿ” ಅಂತ ನಾಲ್ಕೈದು ಜನರನ್ನು ಕರೆದರು. ಡಿಸ್ಟಿಲ್ಡ್ ವಾಟರ್‌ನಲ್ಲಿ ಕರಗಿಸಿದ ಮೆಗ್ನೀಸಿಯಂ ಸಲ್ಫೇಟ್ ಫ್ಲಾಸ್ಕ್‌ಗೆ ಹಾಕಿದರು. ಇಂಡಿಕೇಟರ್ ಹಾಕಿದರು. ಬಫರ್ ಮಾತ್ರ ಹಾಕಲಿಲ್ಲ. ಬ್ಯುರೆಟ್‌ನ ಕೀಲಿ ತಿರುಗಿಸಿ ಇಡಿಟಿಎ ಬಿಟ್ಟರು. ನೀಲಿ ಬರಬೇಕಾದ ಜಾಗ ದಾಟಿತು. ಕೆಂಪೇ. ಇನ್ನಷ್ಟು ಬಿಟ್ಟರು. ಆಗಲೂ ಕೆಂಪೇ. ಆಮೇಲೆ ಬಫರ್ ಬಾಟಲಿ ಎತ್ತಿ ಸ್ವಲ್ಪ ಸುರಿದು ಫ್ಲಾಸ್ಕ್ ಅಲ್ಲಾಡಿಸಿದರು. ತಕ್ಷಣ ನೀಲಿ.

ಸರ್ ವಿವರಿಸಿದ್ದು ಹೀಗೆ. ನಾವು ಬಳಸುವುದು ಇಡಿಟಿಎಯ ಡೈಸೋಡಿಯಂ ಲವಣ. ಅದರಲ್ಲಿ ಇನ್ನೂ ಎರಡು ಹೈಡ್ರೋಜನ್ ಉಳಿದಿರುತ್ತವೆ. ಅದು ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಅನ್ನು ಹಿಡಿದಾಗ ಆ ಹೈಡ್ರೋಜನ್ ಅಯಾನುಗಳು ನೀರಿಗೆ ಬಿಡುಗಡೆಯಾಗುತ್ತವೆ. ಮೇಡಂ ಕೇಳಿದ ಆಮ್ಲ ಅದೇ. ನಾವು ಬೇರೆ ಹಾಕಬೇಕಿಲ್ಲ, ಟೈಟ್ರೇಷನ್ನೇ ಹುಟ್ಟಿಸುತ್ತದೆ. ಹನಿ ಬಿದ್ದಂತೆಲ್ಲ ಪಿಎಚ್ ಇಳಿಯುತ್ತಾ ಹೋಗುತ್ತದೆ.

ಇಳಿದರೆ ಎರಡು ಕೆಲಸ ಕೆಡುತ್ತವೆ. ಒಂದು, ಆಮ್ಲ ಜಾಸ್ತಿಯಾದಷ್ಟೂ ಇಡಿಟಿಎಗೆ ಹೈಡ್ರೋಜನ್ ಅಂಟಿಕೊಂಡೇ ಇರುತ್ತದೆ, ಲೋಹದ ಮೇಲಿನ ಹಿಡಿತ ಸಡಿಲವಾಗುತ್ತದೆ. ಇನ್ನೊಂದು ಇಂಡಿಕೇಟರ್‌ನದು. ಎರಿಯೋಕ್ರೋಮ್ ಬ್ಲ್ಯಾಕ್-ಟಿ ಲೋಹ ಇಲ್ಲದಿದ್ದಾಗ ನೀಲಿ ಇರುವುದು ಸುಮಾರು 7ರಿಂದ 11ರ ಪಿಎಚ್‌ನಲ್ಲಿ ಮಾತ್ರ. 6ಕ್ಕಿಂತ ಕೆಳಗೆ ಹೋದರೆ ಲೋಹ ಇರಲಿ, ಬಿಡಲಿ, ಅದು ತಾನೇ ಕೆಂಪು. ಆ ಫ್ಲಾಸ್ಕ್‌ನಲ್ಲಿ ನೀಲಿ ಬರಲು ದಾರಿಯೇ ಇರಲಿಲ್ಲ.

“ಹಾಗಾದ್ರೆ ಸುಮ್ನೆ ಕಾಸ್ಟಿಕ್ ಸೋಡಾ ಹಾಕಿದ್ರೆ ಆಗಲ್ವಾ ಸರ್?” ಅಂತ ಕೇಳಿದ್ದು ಅದೇ ಹುಡುಗ. ಸರ್‌ಗೆ ಖುಷಿಯಾಯಿತು. ಪಿಎಚ್ 10ಕ್ಕೆ ಬೇಕಾಗುವ ಕಾಸ್ಟಿಕ್ ಸೋಡಾ ತೀರಾ ಕಡಿಮೆ. ಹೊಸದಾಗಿ ಹುಟ್ಟುವ ಆಮ್ಲ ಅದನ್ನು ಬೇಗ ತಿಂದುಹಾಕುತ್ತದೆ, ಪಿಎಚ್ ಮತ್ತೆ ಇಳಿಯುತ್ತದೆ. ಮೊದಲೇ ಜಾಸ್ತಿ ಸುರಿದುಕೊಳ್ಳೋಣ ಅಂದರೆ ಪಿಎಚ್ 12 ದಾಟಿ, ಮೆಗ್ನೀಸಿಯಂ ಹೈಡ್ರಾಕ್ಸೈಡ್ ಆಗಿ ತಳಕ್ಕೆ ಕೂರುತ್ತದೆ. ಆಗ ಇಡಿಟಿಎ ಎಣಿಸುವುದು ಕ್ಯಾಲ್ಸಿಯಂ ಒಂದನ್ನೇ. ಕ್ಯಾಲ್ಸಿಯಂ ಗಡಸುತನ ಮಾತ್ರ ಬೇಕಾದಾಗ ಬೇರೆ ಇಂಡಿಕೇಟರ್ ಹಾಕಿ ಬೇಕಂತಲೇ ಹಾಗೆ ಮಾಡುತ್ತಾರೆ. ಒಟ್ಟು ಗಡಸುತನಕ್ಕೆ ಅದು ನಡೆಯದು. ಅಮೋನಿಯಾ ಮತ್ತು ಅಮೋನಿಯಂ ಕ್ಲೋರೈಡ್ ಜೋಡಿಯಲ್ಲಿ ಆಮ್ಲವನ್ನು ನುಂಗಲು ಅಮೋನಿಯಾ ಬೇಕಾದಷ್ಟು ಇರುತ್ತದೆ, ಪಿಎಚ್ ಮಾತ್ರ 10ರ ಹತ್ತಿರವೇ ನಿಲ್ಲುತ್ತದೆ.

ಮುಂದಿನ ವರ್ಷದ ಮ್ಯಾನ್ಯುಯಲ್‌ನಲ್ಲಿ ಸರ್ ‘ಬಫರ್ ಯಾಕೆ ಹಾಕಬೇಕು?’ ಎನ್ನುವ ಪ್ರಶ್ನೆ ಸೇರಿಸಿದರು. ಜೂನಿಯರ್‌ಗಳು ಅದರ ಉತ್ತರವನ್ನೂ ಬಾಯಿಪಾಠ ಮಾಡಿಕೊಂಡರು ಅನ್ನಿ! ಅವರಿಗೆ ಸರ್ ಇನ್ನೊಂದು ಪ್ರಶ್ನೆ ಇಟ್ಟುಕೊಂಡಿದ್ದರು: ನೀರಿನಲ್ಲಿ ಮೆಗ್ನೀಸಿಯಂ ಇಲ್ಲವೇ ಇಲ್ಲ, ಬರೀ ಕ್ಯಾಲ್ಸಿಯಂ ಇದೆ, ಆಗ ಎಂಡ್ ಪಾಯಿಂಟ್ ಹೇಗಿರುತ್ತದೆ?

ಮಸುಕಾಗಿರುತ್ತದೆ. ಕ್ಯಾಲ್ಸಿಯಂ ಈ ಇಂಡಿಕೇಟರನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ಹಾಗಾಗಿ ಕೊನೆ ಮುಟ್ಟುವ ಮೊದಲೇ ಕೆಂಪು ಬಿಡುತ್ತಾ, ನೇರಳೆಯಲ್ಲಿ ಎಳೆದಾಡುತ್ತದೆ. ಅಂಥ ನೀರಿಗೆ ಸ್ವಲ್ಪ ಮೆಗ್ನೀಸಿಯಂ-ಇಡಿಟಿಎ ಹಾಕುತ್ತಾರೆ. ಕ್ಯಾಲ್ಸಿಯಂ ಅದರಿಂದ ಇಡಿಟಿಎ ಕಿತ್ತುಕೊಳ್ಳುತ್ತದೆ, ಬಿಡುಗಡೆಯಾದ ಮೆಗ್ನೀಸಿಯಂ ಇಂಡಿಕೇಟರ್ ಜೊತೆ ಸೇರಿ ಕೆಂಪಾಗಿ ಕೊನೆಯವರೆಗೂ ಉಳಿಯುತ್ತದೆ. ಎಷ್ಟು ಇಡಿಟಿಎ ಅದರ ಜೊತೆ ಬಂದಿತ್ತೋ ಅಷ್ಟೇ ಮೆಗ್ನೀಸಿಯಂ ಕೂಡ ಬಂದಿರುವುದರಿಂದ ಲೆಕ್ಕ ಏನೂ ಏರುಪೇರಾಗುವುದಿಲ್ಲ. ಯಾಕೆ ಏರುಪೇರಾಗುವುದಿಲ್ಲ ಅಂತ ಸರ್ ಅಲ್ಲೂ ಕೇಳದೆ ಬಿಡುತ್ತಿರಲಿಲ್ಲವಂತೆ.