ಹಸಿರು ಬಾಟಲಿಯಿಂದ ಗೆಣಸಿನ ಹಂಡೆಯವರೆಗೆ

ಬುಸಾನ್‌ನಲ್ಲಿ ಕೆಲಸದಲ್ಲಿರುವ ಭಾವ ಮೊದಲ ರಾತ್ರಿಯೇ ಮೀನಿನ ಮಾರುಕಟ್ಟೆಯ ಪಕ್ಕದ ಸಣ್ಣ ಹೋಟೆಲಿಗೆ ಕರೆದುಕೊಂಡು ಹೋದರು. ಮೇಜಿಗೆ ಬಂದದ್ದು 360 ಮಿಲಿಯ ಹಸಿರು ಬಾಟಲಿ, ಎರಡು ಪುಟ್ಟ ಲೋಟ. "ಸೋಜು ಅಂದ್ರೆ ಕೊರಿಯಾದ ವೋಡ್ಕಾ ಅಂತಾರೆ. ಕುಡಿದು ನೀವೇ ಹೇಳಿ" ಎಂದರು. ಅವರು ನನಗಿಂತ ದೊಡ್ಡವರು. ಅಲ್ಲಿನ ಪದ್ಧತಿಯಂತೆ ಎರಡೂ ಕೈಯಲ್ಲಿ ಲೋಟ ಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿ ಕುಡಿದೆ. ಐಸಿನಷ್ಟು ತಣ್ಣಗಿತ್ತು. ಕೊನೆಯಲ್ಲಿ ತುಸು ಸಿಹಿ, ಅಷ್ಟು ಬಿಟ್ಟರೆ ಹೆಚ್ಚೇನೂ ವಾಸನೆಯಿಲ್ಲ.

ಹುಟ್ಟಿನ ಲೆಕ್ಕದಲ್ಲಿ ಆ ಮಾತು ನಿಜವೇ. ವೋಡ್ಕಾವನ್ನು ಗೋಧಿ, ರೈ ಅಥವಾ ಆಲೂಗಡ್ಡೆಯಿಂದ ಮಾಡಿದರೂ, ಶೇ 95ರ ಆಸುಪಾಸಿನವರೆಗೆ ಬಟ್ಟಿ ಇಳಿಸಿ, ಮೂಲದ ರುಚಿಯನ್ನೆಲ್ಲ ಬಿಡಿಸಿ, ನೀರು ಬೆರೆಸಿ ಶೇ 40ಕ್ಕೆ ತರುತ್ತಾರೆ. ಹಸಿರು ಬಾಟಲಿಯ ಸೋಜು ಕೂಡ ಹಾಗೇ ಶುದ್ಧಗೊಳಿಸಿದ ಮದ್ಯಸಾರಕ್ಕೆ ನೀರು, ಸಿಹಿ ಸೇರಿಸಿದ್ದು. ಮೊದಲು ಅದು ಅಕ್ಕಿಯದ್ದಾಗಿತ್ತು. ಆಹಾರದ ಕೊರತೆಯಿಂದ 1965ರಲ್ಲಿ ಸರ್ಕಾರ ಸೋಜುವಿಗೆ ಅಕ್ಕಿ ಬಳಸುವುದನ್ನು ತಡೆದಾಗ ಕಾರ್ಖಾನೆಗಳು ಗೆಣಸು, ಮರಗೆಣಸಿನ ಮದ್ಯಸಾರಕ್ಕೆ ಹೊರಳಿದವು. ಅಕ್ಕಿಯಿಂದಲೇ ಇಳಿಸುವ, ಶೇ 45ರ ಆಂಡೊಂಗ್ ಸೋಜು ಈಗಲೂ ಇದೆ, ಆದರೆ ನಮ್ಮ ಸುತ್ತಲಿನ ಮೇಜುಗಳಲ್ಲೆಲ್ಲ ಇದ್ದದ್ದು ಹಸಿರು ಬಾಟಲಿಯೇ.

ಕುಡಿಯುವ ರೀತಿ ಮಾತ್ರ ವೋಡ್ಕಾದ್ದಲ್ಲ. ನಮ್ಮ ಬಾಟಲಿಯ ಮೇಲೆ ಶೇ 16 ಎಂದಿತ್ತು. ಅಂದರೆ ಇಡೀ ಬಾಟಲಿಯಲ್ಲಿ ಸುಮಾರು 58 ಮಿಲಿ ಮದ್ಯಸಾರ. ಬೆಂಗಳೂರಿನ ಬಾರಿನಲ್ಲಿ ಸಿಗುವ ಶೇ 42.8ರ ವೋಡ್ಕಾದ 60 ಮಿಲಿ ಪೆಗ್‌ನಲ್ಲಿ ಸುಮಾರು 26 ಮಿಲಿ ಇರುತ್ತದೆ. ಹಾಗಾಗಿ ಒಂದು ಹಸಿರು ಬಾಟಲಿ ಎರಡು ಲಾರ್ಜ್‌ಗಿಂತ ತುಸು ಹೆಚ್ಚು. ಗಂಟಲು ಸುಡದ ಕಾರಣ ಈ ಲೆಕ್ಕ ಸುಲಭವಾಗಿ ಮರೆತುಹೋಗುತ್ತದೆ. ನಾನೂ ಮರೆತೆ, ಮರುದಿನ ಮಧ್ಯಾಹ್ನದವರೆಗೆ ತಲೆ ಎತ್ತಲಾಗಲಿಲ್ಲ.

ಹಡಗಿನಲ್ಲಿ ಜಪಾನಿನ ಫುಕುಓಕಾ ತಲುಪಿ, ಅಲ್ಲಿಂದ ರೈಲಿನಲ್ಲಿ ಕ್ಯೂಶೂ ದ್ವೀಪದ ದಕ್ಷಿಣ ತುದಿಯ ಕಾಗೋಶಿಮಾಕ್ಕೆ ಹೋದೆ. ಕೊಲ್ಲಿಯ ಆಚೆ ಸಕುರಾಜಿಮಾ ಜ್ವಾಲಾಮುಖಿ ಹೊಗೆ ಉಗುಳುತ್ತಿತ್ತು. ಬೂದಿ ಕೂತು ಆದ ಆ ನೆಲದಲ್ಲಿ ನೀರು ನಿಲ್ಲುವುದಿಲ್ಲ, ಭತ್ತ ಒಗ್ಗುವುದಿಲ್ಲ. ಒಗ್ಗಿದ್ದು ಗೆಣಸು. ಜಪಾನಿನವರು ಬಟ್ಟಿ ಇಳಿಸುವ ಮದ್ಯ ಶೋಚು, ಅಲ್ಲಿ ಅದು ಗೆಣಸಿನದಾದದ್ದು ಅದಕ್ಕೇ.

ನಾನು ಹೋದದ್ದು ನವೆಂಬರ್, ಗೆಣಸಿನ ಸುಗ್ಗಿ. ಭಟ್ಟಿಯ ಬಾಗಿಲಲ್ಲೇ ಹೆಂಗಸರು ಕೂತು ಪ್ರತಿ ಗೆಣಸಿನ ಎರಡೂ ತುದಿ ಕತ್ತರಿಸಿ, ಕಪ್ಪಾದ ಭಾಗ ಕೆತ್ತಿ ತೆಗೆಯುತ್ತಿದ್ದರು. ಕೊಳೆತ ಚೂರು ಉಳಿದರೆ ಅದರ ಕಹಿ ನೇರವಾಗಿ ಬಾಟಲಿಗೆ ಇಳಿಯುತ್ತದಂತೆ. ವೋಡ್ಕಾದಲ್ಲಾದರೆ ಮತ್ತೆ ಮತ್ತೆ ಬಟ್ಟಿ ಇಳಿಸಿ ಕೆಟ್ಟ ವಾಸನೆ ತೆಗೆಯಬಹುದು. ಇಲ್ಲಿ ಇಳಿಸುವುದು ಒಂದೇ ಸಲ. ಒಳ್ಳೆಯದೂ ಉಳಿಯುತ್ತದೆ, ಕೆಟ್ಟದ್ದೂ ಉಳಿಯುತ್ತದೆ.

ಒಳಗೆ ಬೇಯಿಸಿದ ಅಕ್ಕಿಯ ಮೇಲೆ ಕೋಜಿ ಎಂಬ ಬೂಷ್ಟು ಬೆಳೆಸಿದ್ದರು. ಪಿಷ್ಟವನ್ನು ಸಕ್ಕರೆ ಮಾಡುವುದು ಅದೇ. ಶೋಚುವಿನ ಕಪ್ಪು, ಬಿಳಿ ಕೋಜಿ ನಿಂಬೆಯ ಹುಳಿಯನ್ನೂ ಬಿಡುತ್ತದೆ. ಸೆಖೆಯ ನಾಡಿನಲ್ಲಿ ಹುದುಗು ಕೆಡದಂತೆ ಕಾಯುವುದು ಆ ಹುಳಿ. ಕೋಜಿಗೆ ನೀರು, ಯೀಸ್ಟ್ ಸೇರಿಸಿ ಐದಾರು ದಿನ ಬಿಡುತ್ತಾರೆ. ಆಮೇಲೆ ಅಕ್ಕಿಯ ಐದು ಪಟ್ಟು ತೂಕದ ಬೆಂದ ಗೆಣಸು ಹಾಕಿ ಇನ್ನೂ ಎಂಟು ಹತ್ತು ದಿನ. ತೊಟ್ಟಿಗೆ ಬಗ್ಗಿದಾಗ ಗುಳ್ಳೆಯೊಡೆಯುವ ಸದ್ದಿನ ಜೊತೆ ನಮ್ಮೂರಿನ ಸುಟ್ಟ ಗೆಣಸಿನ ಘಮ ಬಂತು. ಹಂಡೆಯಿಂದ ಮೊದಲು ಇಳಿಯುವುದು ತೀರಾ ಖಾರ. ಹೋಗ್ತಾ ಹೋಗ್ತಾ ಮದ್ಯಸಾರ ಕಡಿಮೆಯಾಗುತ್ತದೆ. ಕೊನೆಯಲ್ಲಿ ಸೀದ ವಾಸನೆ ತಲೆ ಹಾಕುವ ಮೊದಲೇ ನಿಲ್ಲಿಸಬೇಕು. ಅಲ್ಲಿನ ಹಿರಿಯರು ಅದನ್ನು ಮೂಗಿನಿಂದಲೇ ಹಿಡಿಯುತ್ತಿದ್ದರು. ಬಳಿಕ ನೀರು ಬೆರೆಸಿ ಶೇ 25ಕ್ಕೆ ತರುತ್ತಾರೆ. ಜಪಾನಿನಲ್ಲೂ ವೋಡ್ಕಾದಂತೆ ಶುದ್ಧಗೊಳಿಸಿದ ಅಗ್ಗದ ಶೋಚು ಉಂಟು, ಹಣ್ಣಿನ ರಸ, ಸೋಡಾದ ಜೊತೆ ಹೋಗುವಂಥದ್ದು. ಇದು ಆ ಜಾತಿಯದ್ದಲ್ಲ.

ಸಂಜೆ ಆ ಹಿರಿಯರೇ ಬಡಿಸಿದರು. ಲೋಟಕ್ಕೆ ಮೊದಲು ನಾಲ್ಕು ಪಾಲು ಬಿಸಿನೀರು, ಅದರ ಮೇಲೆ ಆರು ಪಾಲು ಶೋಚು. ಶೇ 25 ಇದ್ದದ್ದು ಶೇ 15 ಆಯಿತು, ಹೆಚ್ಚುಕಡಿಮೆ ವೈನಿನಷ್ಟು. ಊಟದುದ್ದಕ್ಕೂ ಕರಿದ ಮೀನಿನ ವಡೆಯ ಜೊತೆ ನಿಧಾನವಾಗಿ ಕುಡಿಯಬಹುದು. ಬಿಸಿಗೆ ಗೆಣಸಿನ ಘಮ ಮೂಗಿಗೆ ಏರುತ್ತದೆ. ವೋಡ್ಕಾಕ್ಕೆ ಬಿಸಿನೀರು ಹಾಕಿದರೆ ಏರುವುದು ಬರೀ ಘಾಟು. ಅದನ್ನು ಫ್ರೀಜರಿನಲ್ಲಿಟ್ಟು ಒಂದೇ ಗುಟುಕಿಗೆ ಕುಡಿಯುವುದು, ಇಲ್ಲವೇ ಕಾಕ್‌ಟೇಲಿಗೆ ಬೆರೆಸುವುದು ಸರಿಯೇ.

"ಮನೆಗೆ ಒಯ್ದರೆ ಹಿಂದಿನ ದಿನವೇ ತಣ್ಣೀರು ಬೆರೆಸಿಡಿ, ಮರುದಿನ ಮೈಬಿಸಿಯಷ್ಟು ಕಾಯಿಸಿ, ಕುದಿಸಬೇಡಿ" ಎಂದು ಹೇಳಿಕೊಟ್ಟರು. 900 ಮಿಲಿಯ ಎರಡು ಬಾಟಲಿ ತಂದೆ. ಮೊದಲನೆಯದನ್ನು ತೆರೆದ ದಿನ ಅಮ್ಮ ಅಡುಗೆಮನೆಗೆ ಬಂದು ಪಾತ್ರೆ ಮೂಸಿ, "ಗೆಣಸು ಯಾವಾಗ ಬೇಯಿಸಿದೆ?" ಎಂದು ಕೇಳಿದರು.